ಕೈ ಇರಲಿ, ಮುಖ ಬೇಡ

ನಮ್ಮ ಸರಸ್ವತಿಪುರಂ ಬೀದಿಯ ಗಗನ ಮನೆಯಲ್ಲೇ ಕೂತು ವಿಡಿಯೋ ಎಡಿಟ್ ಮಾಡುತ್ತಾಳೆ. ಮದುವೆ, ಸೀರೆ ಅಂಗಡಿ, ನೀರಿನ ಫಿಲ್ಟರ್, ಏನು ಬಂದರೂ ಸರಿ. ಗಿರಾಕಿಗಳು ಎಷ್ಟೇ ಸತಾಯಿಸಿದರೂ ಹಲ್ಲು ಕಚ್ಚಿಕೊಂಡು ತಿದ್ದಿಕೊಡುವವಳು. ಅಂಥವಳನ್ನು ಅಳಿಸಿದ್ದು ಒಂದು ಚಟ್ನಿಪುಡಿಯ ವಿಡಿಯೋ.

ಆ ಪುಡಿ ಗಗನಳ ತಾಯಿ ಕುಸುಮಮ್ಮನದು. ಕಾಲೇಜಿನ ದಿನಗಳಿಂದ ಅವರ ಮನೆಯಲ್ಲೇ ಉಂಡು, ಕುಸುಮಮ್ಮನನ್ನು ‘ಅಮ್ಮ’ ಎಂದೇ ಕರೆಯುತ್ತಿದ್ದ ಗೆಳತಿ ಸುಷ್ಮಾ ಅದನ್ನು ಪ್ಯಾಕೆಟ್ ಮಾಡಿ ಮಾರಲು ಹೊರಟಳು.

“ಹದ ಹೇಳ್ಕೊಡಿ ಅಮ್ಮ. ಪುಡಿ ಜೊತೆಗೆ ನಿಮ್ಮ ಮುಖಾನೂ ಊರಿಗೆಲ್ಲ ಗೊತ್ತಾಗ್ಲಿ,” ಎಂದಳು.

ಕುಸುಮಮ್ಮ ನಾಚಿಕೊಂಡೇ ಒಪ್ಪಿ, ಪೆಟ್ಟಿಗೆಯಲ್ಲಿದ್ದ ರೇಷ್ಮೆ ಸೀರೆ ಉಟ್ಟು, ಕ್ಯಾಮೆರಾ ಮುಂದೆ ಬೇಳೆ ಹುರಿದರು. ಬೀದಿಗೆಲ್ಲ ಹೇಳಿಯೂ ಬಿಟ್ಟರು.

ಆ ಜಾಹೀರಾತಿನ ಎಡಿಟಿಂಗ್ ಗಗನಳಿಗೇ ಬಂತು. ಅವಳು ಮೊದಲ ಕರಡು ಕಳಿಸಿದ ಮೇಲೆ ಸುಷ್ಮಾಳ ಮೇಲ್ ಬಂತು. ಯಾವ ಸೆಕೆಂಡಿನಲ್ಲಿ ಏನು ಬದಲಾಗಬೇಕೆಂಬ ತಿದ್ದುಪಡಿಗಳ ಪತ್ರ. “0:04, ಪ್ಯಾಕೆಟ್ಟಿನ ಕೆಂಪು ಮಂಕಾಗಿದೆ, ಅಸಲಿ ಬಣ್ಣಕ್ಕೆ ಹೊಂದಿಸಿ. ಮಾತು ಬರುವ ಕಡೆ ಸಂಗೀತ ತಗ್ಗಿಸಿ. ಕೊನೆಯಲ್ಲಿ ಲೋಗೋ ಇನ್ನೆರಡು ಸೆಕೆಂಡು ನಿಲ್ಲಲಿ.” ಗಗನ ಒಂದೊಂದನ್ನೇ ಮುಗಿಸುತ್ತಾ ಬಂದಳು. ಅದರ ಕೆಳಗಿತ್ತು: “0:12ರಿಂದ 0:19, ಆ ವಯಸ್ಸಾದ ಮಹಿಳೆಯ ಮುಖ ಬೇಡ, ಬ್ರ್ಯಾಂಡ್‌ಗೆ ಹೊಂದುವುದಿಲ್ಲ. ಹುರಿಯುವ ಕೈಗಳ ಕ್ಲೋಸಪ್ ಚೆನ್ನಾಗಿದೆ, ಅದನ್ನೇ ಹಾಕಿ. ‘ಕುಸುಮಮ್ಮನ ಕೈರುಚಿ’ ತೆಗೆದು ‘ನಮ್ಮಜ್ಜಿಯ ಕೈರುಚಿ’ ಎಂದು ಬರೆಯಿರಿ.”

‘ಆ ವಯಸ್ಸಾದ ಮಹಿಳೆ’ಯಂತೆ! ಬರೆಯುವಾಗ ನನಗೇ ಮೈ ಉರಿಯುತ್ತದೆ. ಸುಷ್ಮಾಳ ಅಜ್ಜಿ ಇವಳು ಹುಟ್ಟುವ ಮೊದಲೇ ತೀರಿಕೊಂಡವರು. ಅವರ ಕೈರುಚಿ ಇವಳಿಗೆ ಹೇಗೆ ಗೊತ್ತು?

ಗಗನ ಫೋನ್ ಮಾಡಿದಳು.

“ಮನಸಿಗೆ ಹಚ್ಕೋಬೇಡ ಕಣೇ,” ಎಂದಳು ಸುಷ್ಮಾ. “ಬೇರೆ ಎಡಿಟರ್ ಆಗಿದ್ರೂ ಹಿಂಗೇ ಬರೀತಿದ್ದೆ.”

ಅಷ್ಟರಲ್ಲಿ ಕುಸುಮಮ್ಮ ಕಾಫಿ ತಂದರು. “ಮುಗೀತಾ? ಒಂದ್ಸಲ ತೋರ್ಸು.”

ಸುಳ್ಳು ಹೇಳಲು ಬಾಯಿ ಬರದೆ ಗಗನ ಅಳುತ್ತಲೇ ಪತ್ರ ಓದಿದಳು. ಕುಸುಮಮ್ಮ ಹಾಗೇ ಕುರ್ಚಿಯಲ್ಲಿ ಕೂತರು. ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು.

“ಇನ್ನೊಬ್ಳು ಮಗಳು ಅಂದ್ಕೊಂಡಿದ್ದೆ ಕಣೇ ಅವಳ್ನ,” ಎಂದರು. ಆಮೇಲೆ ಪರದೆಯತ್ತ ನೋಡಿ, “ಮುಖ ಬ್ಯಾಡ ಅಂದ್ಮೇಲೆ ಕೈಯೂ ಬ್ಯಾಡ. ತೆಗ್ದ್‌ಬುಡು.”

ಗಗನ ಎರಡನೇ ಕರಡು ಕಳಿಸಿದಳು. ಬಣ್ಣ ಸರಿಯಾಗಿತ್ತು, ಸಂಗೀತ ತಗ್ಗಿತ್ತು, ಲೋಗೋ ಕೇಳಿದಷ್ಟು ಹೊತ್ತು ನಿಂತಿತ್ತು. ಹನ್ನೆರಡನೇ ಸೆಕೆಂಡಿನಿಂದ ಹತ್ತೊಂಬತ್ತರವರೆಗೆ ಬರೀ ಕಪ್ಪು ಪರದೆ.

ಸುಷ್ಮಾ ಕೂಡಲೇ ಫೋನ್ ಮಾಡಿದಳು. “ಏನೇ ಇದು? ಕೈ ಎಲ್ಲಿ? ಯಾಕೆ, ಅಮ್ಮಂಗೆ ಬೇಜಾರಾಯ್ತಾ?”

“ಯಾರ ಅಮ್ಮಂಗೆ?” ಎಂದು ಕೇಳಿ ಗಗನ ಫೋನ್ ಇಟ್ಟಳು.