ಅಳತೆ ರವಿಕೆ ಸಿಗದ ವಾರ

ಮಂಗಳಗೌರಿ ನರಸೀಪುರದ ಒಂದು ಹೈಸ್ಕೂಲಿನಲ್ಲಿ ಗುಮಾಸ್ತೆ. ಥೈರಾಯ್ಡ್ ಹೆಚ್ಚಾಗಿ ಕೆಲವೇ ತಿಂಗಳಲ್ಲಿ ಸೊರಗಿಹೋದಳು. ನಂಜುಂಡೇಶ್ವರನ ದಯೆ, ಔಷಧಿ ಹಿಡಿಯಿತು. ಮೈ ಮತ್ತೆ ಸ್ವಲ್ಪ ತುಂಬಿಕೊಳ್ಳಬಹುದು ಎಂದು ಡಾಕ್ಟರು ಹೇಳಿದ್ದರು. ಕಾಯಿಲೆಗೆ ಹಾಕಿದ್ದ ರಜೆ ಮುಗಿದು ಸೋಮವಾರ ಕೆಲಸಕ್ಕೆ ಹೋಗಬೇಕಿತ್ತು.

ಬೀರುವಿನ ತುಂಬ ಸೀರೆಗಳಿದ್ದವು. ಆದರೆ ಒಂದು ರವಿಕೆಯೂ ಹೆಗಲ ಮೇಲೆ ನಿಲ್ಲುತ್ತಿರಲಿಲ್ಲ. ಹಿಂದಿನ ವಾರ ನೆಂಟರ ಗೃಹಪ್ರವೇಶದಲ್ಲಿ ಹೆಗಲಿಗೆ ಹಾಕಿದ್ದ ಪಿನ್ನು ಬಿಚ್ಚಿ ರವಿಕೆ ಜಾರಿದಾಗ ಯಾರೋ, “ಸಕ್ಕರೆ ಕಾಯಿಲೇನಾ ತಾಯಿ?” ಎಂದು ಕೇಳಿದ್ದರು. ಆಫೀಸಿನಲ್ಲೂ ಆ ಮರುಕ ಅವಳಿಗೆ ಬೇಡವಾಗಿತ್ತು.

ಗಂಡ ಅಮೃತೇಶ್ ನಂಜನಗೂಡಿನಿಂದ ರೇಷ್ಮೆ ಸೀರೆ ತಂದ.

“ಸೀರೆಗೆಲ್ಲಿಯ ಅಳತೆ ಕಣ್ರೀ? ಇನ್ನೊಂದ್ ಸುತ್ತು ಸುತ್ಕೊಂಡ್ರಾಯ್ತು. ರವಿಕೆಗೇನ್ ಮಾಡ್ಲಿ?”

ಅವನ ಮುಖ ಸಣ್ಣದಾಯಿತು.

ದರ್ಜಿ ಕೆಂಪಾಜಮ್ಮ ಹಳೆಯ ರವಿಕೆಗಳ ಪಕ್ಕಗಳನ್ನು ಹಿಡಿದು ಹೊಲಿದಳು. ಆದರೂ ಹೆಗಲು ಜಾರುತ್ತಲೇ ಇತ್ತು. ಹೊಸದು ಹೊಲಿಯೆಂದರೆ, “ಅಳತೆ ರವಿಕೆ ಕೊಡಕ್ಕ” ಎಂದಳು.

“ಸರಿಯಾಗೋದು ಒಂದೂ ಇಲ್ಲ ಅಂತಾನೇ ಬಂದಿರೋದು.”

“ಯಾವ್ದಾದ್ರೂ ಹಳೇದಿರ್ತದೆ, ನೋಡು. ಮದ್ವೇಲಿ ಇಂಗೇ ಇದ್ದೆಯಲ್ಲ.”

ಮಂಗಳಗೌರಿ ಟ್ರಂಕಿನ ತಳದಲ್ಲಿದ್ದ ಮದುವೆ ಕಾಲದ ರವಿಕೆಯನ್ನು ಕೊಟ್ಟಳು. ಅದರ ಅಳತೆಗೆ ಹೊಲಿದದ್ದು ಕಂಕುಳಲ್ಲಿ ಹಿಡಿದುಕೊಂಡಿತು, ಹುಕ್ಕು ಕೂಡಲಿಲ್ಲ. ಎರಡು ಹೆರಿಗೆಯಾದ ಮೈ ಇಳಿದರೂ ಮದುವೆಯ ಮೈ ಆಗುತ್ತದೆಯೇ?

ಶನಿವಾರ ಬೇಸತ್ತು, “ಟೇಪ್ ಹಿಡಿ ಕೆಂಪಾಜಿ” ಎಂದಳು. ಕೆಂಪಾಜಮ್ಮ ಗೊಣಗುತ್ತಲೇ ಅಳೆದಳು. ಒಮ್ಮೆ ಬಂದ ಅಳತೆ ಇನ್ನೊಮ್ಮೆ ಬರಲಿಲ್ಲ. ಒಳಗೆ ಮಡಿಸಿ ಪಿನ್ನು ಹಾಕಿದ್ದ ಸಡಿಲವಾದ ಹಳೆಯ ಬ್ರಾ ಉಸಿರೆಳೆದಾಗಲೆಲ್ಲ ಸರಿದಾಡುತ್ತಿತ್ತು.

“ನಿಲ್ಸು” ಎಂದಳು ಮಂಗಳಗೌರಿ. ಇಡೀ ವಾರ ಒಳಗಿನದನ್ನು ಬಿಟ್ಟು ಮೇಲಿನದರಿಂದ ಶುರುಮಾಡಿದ್ದೆನಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಬಸ್ ಸ್ಟ್ಯಾಂಡಿನ ಬಳಿಯ ಒಳಉಡುಪಿನ ಅಂಗಡಿಗೆ ಹೋದಳು. ಅಲ್ಲಿನ ಹುಡುಗಿ ಶಾಂತಿಯೂ, “ಮೊದ್ಲು ಯಾವ್ ಸೈಜು ಹಾಕ್ತಿದ್ರಿ ಆಂಟಿ?” ಎಂದಳು.

“ನೀನೂ ಹಳೇದೇ ಕೇಳ್ಬೇಡ ಕಣಮ್ಮ. ಅಳೆದು ಕೊಡು.”

ಎರಡು ಬ್ರಾ ಕೊಂಡಳು. ಹಳೆಯ ಲಂಗದ ಲಾಡಿ ಬಿಗಿದರೆ ಸೊಂಟದಲ್ಲಿ ಗಂಟುಗಂಟಾಗಿ ನಿರಿಗೆ ಜಾರುತ್ತಿದ್ದುದರಿಂದ ಒಂದು ಲಂಗವನ್ನೂ ಕೊಂಡಳು. ಹೊಸದನ್ನು ತೊಟ್ಟೇ ಕೆಂಪಾಜಮ್ಮನ ಮುಂದೆ ನಿಂತಳು. ಈಗ ಟೇಪು ಒಂದೇ ಅಳತೆ ಹೇಳಿತು.

“ಒಂದೇ ಹೊಲಿ. ಕಪ್ಪು ಕಾಟನ್ನು, ಎಲ್ಲಕ್ಕೂ ಹೊಂದ್ತದೆ. ಪಕ್ಕದಲ್ಲಿ ಬಟ್ಟೆ ಬಿಡು, ಮೈ ತುಂಬಿದ್ರೆ ಬಿಚ್ಚೋದಕ್ಕೆ.”

“ರೇಷ್ಮೆ ಸೀರೆಗೆ?” ಎಂದು ರಾತ್ರಿ ಅಮೃತೇಶ್ ಕೇಳಿದ.

“ಮೈ ಒಂದ್ ಕಡೆ ನಿಲ್ಲೋವರ್ಗೂ ಡಬ್ಬದಲ್ಲಿರ್ಲಿ.”

ಅವನು ಆ ಕಡೆ ಮಗ್ಗುಲಾದ.

ಸೋಮವಾರ ಹಾಜರಿ ಪುಸ್ತಕಕ್ಕೆ ಸಹಿ ಹಾಕುವಾಗ ಎಡಗೈ ಅಭ್ಯಾಸದಿಂದ ಹೆಗಲಿಗೆ ಹೋಯಿತು. ಅಲ್ಲಿ ಪಿನ್ನು ಇರಲಿಲ್ಲ, ರವಿಕೆ ಇದ್ದಲ್ಲೇ ಇತ್ತು. ಸಹೋದ್ಯೋಗಿ ಚೈತ್ರ, “ಹಳೇ ಸೀರೇನೇ ಉಟ್ಕೊಂಡ್ ಬಂದ್ರಾ ಮೇಡಂ?” ಎಂದಳು. ಕಾಯಿಲೆಯ ಮಾತು ಎತ್ತಲಿಲ್ಲ.