ಬಾಣಂತಿಗೆ ಗಾಳಿ ಸೋಂಕಬಾರದು

ನನ್ನ ಅಪ್ಪ ಕಟ್ಟಿದ ಮನೆಗೆ ಊರವರು ಕೋಳಿಗೂಡು ಎಂದು ಹೆಸರಿಟ್ಟಿದ್ದರು. ಹಾಗೆ ಹೆಸರಿಟ್ಟವರ ಮನೆಗಳು ಹಿಂದಿನ ಮಳೆಗಾಲದಲ್ಲಿ ಮಲಪ್ರಭೆಯ ನೀರಿಗೆ ಬೆಲ್ಲದಂತೆ ಕರಗಿ ಕುಳಿತಿದ್ದವು. ನಮ್ಮ ಹಳೆಯ ಮನೆಯೂ ಕರಗಿತ್ತು. ಆದರೂ ಅವರಿಗೆ ನಗು. ಅಂಥ ನಗು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ನಾವು ಬಿದಿರು ಕೆಲಸದವರು. ರಾಮದುರ್ಗ ತಾಲೂಕಿನ ಹೊಳೆದಂಡೆಯ ಊರಲ್ಲಿ ಬುಟ್ಟಿ, ಮೊರ, ತಟ್ಟಿ ಹೆಣೆದು ಮುರಗೋಡ, ಸವದತ್ತಿಯ ಸಂತೆಗೆ ಒಯ್ಯುವುದು ತಲೆಮಾರಿನ ಬದುಕು. ಮನೆ ಹೋದವರಿಗೆಲ್ಲ ಮೇಲಿನ ಗರಸು ನೆಲದಲ್ಲಿ ತಗಡಿನ ಶೆಡ್ಡು ಕೊಟ್ಟರು. ಎಲ್ಲರೂ ಹೋದರು, ಅಪ್ಪ ಹೋಗಲಿಲ್ಲ.

"ಅಲ್ಲಿ ಬಿದಿರು ನೆನಸಾಕ ನೀರು ಎಲ್ಲಿಂದ ತರ್ಲಿ? ಬಕೀಟಿನ್ಯಾಗ ಬೊಂಬು ಮುಳುಗತಾವೇನು?" ಎಂದು ಅವ್ವನ ಮೇಲೆ ರೇಗಿದ. ಹೊಳೆ ಬಂದಾಗ ಅವನು ಒಂದನ್ನು ಕಂಡಿದ್ದ. ಜೋಳದ ಹೊಲಗಳಲ್ಲಿ ಹಕ್ಕಿ ಕಾಯಲು ಅವನೇ ಕಟ್ಟಿಕೊಟ್ಟಿದ್ದ ಅಟ್ಟಗಳು ಬಿದ್ದಿರಲಿಲ್ಲ. ಕೆಳಗಿನಿಂದ ನೀರು ಹರಿದುಹೋಗಿತ್ತು, ಅಟ್ಟ ಹಾಗೇ ನಿಂತಿತ್ತು. "ಅಟ್ಟ ನಿಂತೈತಂದ್ರ ಮನಿ ಯಾಕ ನಿಲ್ಲಬಾರದು?" ಎಂಬುದು ಅವನ ವಾದ.

ನಾನಾಗ ಚೊಚ್ಚಲ ಬಸುರಿ. ಸೀಮಂತದ ಕುಬಸ ಮುಗಿಸಿ ದೊಡವಾಡದ ಗಂಡನ ಮನೆಯಿಂದ ತವರಿಗೆ ಬಂದಿದ್ದೆ. ಕುಳಿತಲ್ಲೇ ಬಿದಿರಿನ ಸೀಳು ತೆಗೆದುಕೊಡುತ್ತ, ಹೊಳೆದಂಡೆಯ ಹಳೆಯ ಜಾಗದಲ್ಲೇ ಆ ಮನೆ ಅಟ್ಟದಂತೆ ಏಳುವುದನ್ನು ನೋಡಿದೆ. ಕಾಲಿಗೆ ಬಿದಿರು ಬೇಡ, ಮಣ್ಣಿನೊಳಗೆ ಕೊಳೆಯುತ್ತದೆ ಎಂದು ಅಪ್ಪ ಜಾಲಿಯ ಕಂಬ ಹೂಳಿದ. ಕಂಬಗಳ ನಡುವೆ ಓರೆಯಾಗಿ ಬೊಂಬು ಬಿಗಿದ, ನೀರು ದೂಡಿದರೆ ವಾಲಬಾರದೆಂದು. ಮೇಲಿನದಕ್ಕೆಲ್ಲ ಹೊಳೆಯಲ್ಲಿ ವಾರಗಟ್ಟಲೆ ಮುಳುಗಿಸಿ, ಆಮೇಲೆ ನೆರಳಲ್ಲಿ ಒಣಗಿಸಿದ ಬಿದಿರು. ನೆನೆಸದ ಬಿದಿರಿನಲ್ಲಿ ಸಿಹಿ ಉಳಿಯುತ್ತದೆ, ಹುಳ ಬೀಳುತ್ತದೆ. ನಿಲ್ಲಿಸುವ ಬೊಂಬಿನ ತುದಿಯನ್ನು ಗಿಣ್ಣಿನ ಸ್ವಲ್ಪ ಮೇಲೆ ಬಾಯಿ ತೆರೆದಂತೆ ಕಡಿದು, ಅಡ್ಡ ಬೊಂಬನ್ನು ಅದರಲ್ಲಿ ಕೂರಿಸುತ್ತಿದ್ದ. ಮೊಳೆ ಮುಟ್ಟಲಿಲ್ಲ, ಮೊಳೆ ಹೊಡೆದರೆ ಬಿದಿರು ಸೀಳುತ್ತದೆ. ಬಿದಿರಿನದೇ ಗೂಟ ತೂರಿಸಿ, ನೆನೆದ ಸೀಳಿನಿಂದ ಸುತ್ತಿ ಸುತ್ತಿ ಎಳೆದು ಕಟ್ಟುತ್ತಿದ್ದ.

"ಬೊಂಬು ಒಣಗಿರಬೇಕು, ಕಟ್ಟು ಹಸಿ ಇರಬೇಕು," ಎನ್ನುತ್ತಿದ್ದ. "ಒಣಗಿದಂಗ ತಾನ ಬಿಗಿ ಆಗತೈತಿ. ಬೊಂಬ ಹಸಿ ಇತ್ತಂದ್ರ ಅದು ಸೊರಗತೈತಿ, ಕಟ್ಟು ಸಡಿಲಾಗತೈತಿ."

ನೆಲಕ್ಕೆ ಬಿದಿರಿನ ಪಟ್ಟಿಗಳನ್ನು ಬೆರಳು ಹೋಗುವಷ್ಟು ಸಂದು ಬಿಟ್ಟು ಹಾಸಿದ. ಗೋಡೆಗೆ ತಟ್ಟಿ, ಮಾಡಿಗೆ ಕಬ್ಬಿನ ಒಣಗರಿಯ ರವದಿ, ಎರಡರ ನಡುವೆ ಗಾಳಿಗೆ ದಾರಿ. ಒಲೆಗೆ ಮಾತ್ರ ಮೂಲೆಯಲ್ಲಿ ಮಣ್ಣು ತುಂಬಿದ ಪೆಟ್ಟಿಗೆ. ಗೋಡೆ ನಿಲ್ಲುವ ಮೊದಲೇ ತೊಲೆಗೆ ತೊಟ್ಟಿಲ ಹಗ್ಗ ಕಟ್ಟಿದ್ದು ನೋಡಿ ಅವ್ವ, "ಕೂಸು ಹುಟ್ಟೂಕಿಂತ ಮೊದಲ ಕುಲಾವಿ!" ಎಂದು ಕಾಡಿದಳು. ಅಪ್ಪ ನಾಚಿಕೊಂಡ. ಅಂಥ ಖುಷಿ ಆ ಮುಖದ ಮೇಲೆ ನಾನು ಮತ್ತೆ ಕಂಡಿಲ್ಲ.

ಮಗಳು ಹುಟ್ಟಿದ್ದು ಕೊರೆಯುವ ಚಳಿಯಲ್ಲಿ. ರಾಮದುರ್ಗದ ಆಸ್ಪತ್ರೆಯಿಂದ ಮನೆಗೆ ತಂದ ದಿನವೇ ನೆಲದ ಸಂದಿನಿಂದ ಹೊಳೆಗಾಳಿ ಮೇಲೆದ್ದು ಬೆನ್ನು ಚುಚ್ಚಿತು. ಬಾಣಂತಿಗೆ ಗಾಳಿ ಸೋಂಕಬಾರದು. ನಮ್ಮ ಕಡೆ ಇದಕ್ಕೆ ಮೇಲ್ಮನವಿ ಇಲ್ಲ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಹೊರಸಿನ ಕೆಳಗೆ ಕೆಂಡ. ಬರಿಯ ಬಿದಿರಿನ ಮೇಲೆ ಕೆಂಡ ಇಡುವುದು ಹೇಗೆ? ಕೂಸು ಸೀನಿತು. ಅಷ್ಟೇ ಸಾಕಾಯಿತು.

ಅಪ್ಪ ತಾನೇ ಗೋಣಿತಾಟು ಹಾಸಿ, ಮೇಲೆ ಮಣ್ಣು-ಸೆಗಣಿ ಮೆತ್ತಿದ. ಗೋಡೆಯ ಮೇಲಿನ ಸಂದಿಗೂ ಹುಲ್ಲು ತುರುಕಿದ. ಯಾರೂ ಅವನಿಗೆ ಒತ್ತಾಯ ಮಾಡಿರಲಿಲ್ಲ. ಮುಚ್ಚಿದರೆ ಏನಾಗುತ್ತದೆಂದು ಇಡೀ ಊರಲ್ಲಿ ಗೊತ್ತಿದ್ದವನು ಅವನೊಬ್ಬನೇ. ಗೊತ್ತಿದ್ದೂ ಮುಚ್ಚಿದ. "ಬಾಣಂತನ ಮುಗೀಲಿ, ಕಿತ್ತು ಒಗಿತೇನಿ," ಎಂದ.

ದಿನವೂ ನನಗೂ ಕೂಸಿಗೂ ಎರೆದ ಬಿಸಿನೀರು, ಮೊದಲಾದರೆ ಸಂದಿನಿಂದ ಇಳಿದುಹೋಗುತ್ತಿದ್ದದ್ದು, ಈಗ ಆ ಮಣ್ಣಿನಲ್ಲಿ ಇಂಗಿ ಕೂತಿತು. ಅವ್ವನಿಗಂತೂ ಹಬ್ಬ. ಸಾರಿಸಲು ನೆಲವಿಲ್ಲದ ಮನೆ ಎಂದು ಅಷ್ಟು ದಿನ ಗೊಣಗಿದವಳು ಸೋಮವಾರ, ಶುಕ್ರವಾರ ಸಾರಿಸಿ ರಂಗೋಲಿ ಹಾಕತೊಡಗಿದಳು. ನಾನು ದೊಡವಾಡಕ್ಕೆ ಮರಳಿದ ಮೇಲೆ ಅಪ್ಪ ಕೀಳಲು ಹೋದರೆ, "ಪಂಚಮಿಗೆ ಕೂಸು ಬರೂದೈತಿ, ಅಂಬೆಗಾಲಿಡತೈತಿ. ಸಂದಿನ್ಯಾಗ ಕಾಲು ಸಿಕ್ಕೊಂಡ್ರ? ಪಂಚಮಿ ಆಗ್ಲಿ," ಎಂದಳಂತೆ. ಮೊಮ್ಮಗಳ ಹೆಸರು ತೆಗೆದರೆ ಅಪ್ಪನ ಬಾಯಿ ಕಟ್ಟುತ್ತಿತ್ತು.

ಪಂಚಮಿಗೆ ಹೋದೆ. ಉಂಡಿ ಕಟ್ಟಿದ್ದರು, ಜೋಕಾಲಿ ಹಾಕಿದ್ದರು. ಅಪ್ಪ ಮನೆಯ ಅಡಿಯಲ್ಲಿ ಬಗ್ಗಿ ನಿಂತಿದ್ದ. ಹೋಗಿ ನೋಡಿದೆ. ನೆಲ ಹೊತ್ತ ಬೊಂಬುಗಳ ಸಂಧಿಯಲ್ಲಿ ಬಿಳಿ ಬೂಸು. ಕಟ್ಟಿನ ಸೀಳನ್ನು ಉಗುರಿನಿಂದ ಮೀಟಿದ, ನೆನೆದ ಕಾಗದದಂತೆ ಹರಿಯಿತು.

"ಹಬ್ಬ ಮುಗೀಲಿ, ಎಲ್ಲಾ ಹೊಸಾದಾಗಿ ಕಟ್ಟೂಣು," ಎಂದ. ನನ್ನ ಮುಖ ನೋಡಲಿಲ್ಲ.

ಹೊಳೆ ಹಬ್ಬ ಮುಗಿಯಲು ಬಿಡಲಿಲ್ಲ. ಮರುದಿನ ಬೆಳಗ್ಗೆ ಡ್ಯಾಮಿನಿಂದ ನೀರು ಬಿಡುತ್ತಾರೆಂದು ರಿಕ್ಷಾದಲ್ಲಿ ಮೈಕು ಹಿಡಿದು ಸಾರುತ್ತ ಹೋದರು. ಕೂಸನ್ನೂ ಪಾತ್ರೆಗಂಟನ್ನೂ ಹೊತ್ತು ನಾನು, ಅವ್ವ ಏರಿಯ ರಸ್ತೆಗೆ ಹೋದೆವು. ಅಪ್ಪ ಬರಲಿಲ್ಲ. ಹಾರೆ ಹಿಡಿದು ನೆಲದ ಮಣ್ಣು ಕೀಳಲು ಕುಳಿತ. ನೀರು ನೆಲ ಮುಟ್ಟುವುದರೊಳಗೆ ಸಂದು ಬಿಡಿಸಬೇಕು. ಆಗ ನೀರು ಒಳಗೇ ಏರಿ, ಒಳಗೇ ಇಳಿದುಹೋಗುತ್ತದೆ, ನೆಲ ನಿಲ್ಲುತ್ತದೆ. ಮುಚ್ಚಿದ ನೆಲವನ್ನು ನೀರು ಕೆಳಗಿನಿಂದ ಎತ್ತುತ್ತದೆ. ಒಲೆಯ ಕಡೆಯಿಂದ ಶುರುಮಾಡಿ ಅರ್ಧ ಕಿತ್ತಿದ್ದ. ನೀರು ಏಣಿಯ ಮೇಲಿನ ಮೆಟ್ಟಿಲಿಗೆ ಬಂದಾಗ ಇಬ್ಬರು ಹುಡುಗರು ಹಗ್ಗ ಎಸೆದು ಬೈದು ಎಳೆದುಕೊಂಡರು.

ರಸ್ತೆಯ ಮೇಲೆ ನಿಂತು ನೋಡಿದೆವು. ಮನೆ ಮೊದಲು ಅಲುಗಾಡಲಿಲ್ಲ. ಆಮೇಲೆ ತೊಟ್ಟಿಲಿದ್ದ ಬದಿಯ ನೆಲ ಮುಚ್ಚಳದ ಹಾಗೆ ಮೆಲ್ಲಗೆ ಮೇಲೆದ್ದಿತು. ಕಟ್ಟುಗಳು ಬಿಟ್ಟವು, ತಟ್ಟಿ ಮಡಚಿಕೊಂಡಿತು, ರವದಿಯ ಮಾಡು ತೇಲಿಕೊಂಡು ಹೋಯಿತು. ಅವ್ವ ಹೊಯ್ಕೊಂಡಳು. ನಾನು ಕೂಸಿನ ಕಿವಿ ಮುಚ್ಚಿದೆ. ಈ ಕೂಸಿಗಾಗಿ ಅಲ್ಲವೇ ಆ ನೆಲ ಮುಚ್ಚಿದ್ದು.

ನೀರು ಇಳಿದ ಮೇಲೆ ಹೋದೆವು. ಜಾಲಿಯ ಕಂಬಗಳೆಲ್ಲ ನಿಂತಿದ್ದವು. ಅಪ್ಪ ಕಿತ್ತಿದ್ದ ಅರ್ಧದಲ್ಲಿ ನೆಲದ ಪಟ್ಟಿ ಒಂದೂ ಕದಲಿರಲಿಲ್ಲ. ಅಲ್ಲಿ ಒಲೆಯ ಪೆಟ್ಟಿಗೆಯೂ ಇತ್ತು. ಇನ್ನರ್ಧ ಬರೀ ಆಕಾಶ. "ಕೆಟ್ಟ ಮ್ಯಾಲ ಬುದ್ಧಿ ಬಂತು, ಅಟ್ಟ ಮ್ಯಾಲ ಒಲಿ ಉರೀತು," ಎಂದ ಒಬ್ಬ ಹಿರಿಯ. ಅವನ ಬಾಯಿಗೆ ಮಣ್ಣು ಹಾಕಬೇಕೆನಿಸಿತು. ಅಪ್ಪ ಆ ಅರ್ಧ ನೆಲದ ಮೇಲೆ ಹತ್ತಿ ಕುಳಿತು, ಪಟ್ಟಿಗಳ ಸಂದಿನಲ್ಲಿ ಬೆರಳಾಡಿಸುತ್ತಿದ್ದ.

ಮತ್ತೆ ಕಟ್ಟಲಿಲ್ಲ. ಈಗ ಮೇಲಿನ ತಗಡಿನ ಶೆಡ್ಡಿನಲ್ಲಿದ್ದಾರೆ. ಮಧ್ಯಾಹ್ನ ಒಳಗೆ ಕೂರಲಾಗುವುದಿಲ್ಲ, ಕಿಟಕಿ ಒಂದೇ, ಅದರೆದುರು ಪಕ್ಕದವರ ಗೋಡೆ. ನೆನೆಸದ ಬಿದಿರು ಮೂಲೆಯಲ್ಲಿ ಹುಳ ಹಿಡಿದು ಪುಡಿ ಉದುರಿಸುತ್ತದೆ. ಅವ್ವ ಕೂಲಿಗೆ ಹೋಗುತ್ತಾಳೆ. ಅಪ್ಪ ಬಾಗಿಲಲ್ಲಿ ಕೂತಿರುತ್ತಾನೆ.

ನಾನು ಮತ್ತೆ ಬಸುರಿ. ಕಳೆದ ವಾರ ಫೋನು ಮಾಡಿ, ಯಾವಾಗ ಕರೆಯಲು ಬರುತ್ತೀಯಪ್ಪಾ ಎಂದು ಕೇಳಿದೆ. ಅಪ್ಪ ಅಂದ:

"ಈ ಸಲ ಅಲ್ಲೇ ಹಡೀಯವ್ವಾ. ಬಾಣಂತಿನ ಕುಂಡ್ರಸಾಕ ನನ್ನ ಕಡೆ ಜಾಗಾ ಇಲ್ಲ."

ಆಗಲಪ್ಪಾ ಎಂದೆ.