ಸೀಟಿನ ಮೇಲಿನ ಎರಡನೇ ಬಿರುಕು

ಸ್ಟುಡಿಯೋದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಟಚಪ್ ಅಕ್ಕ ಎಂದೇ. ಹತ್ತೊಂಬತ್ತು ವರ್ಷಗಳಿಂದ ಮೊಡವೆ ಅಳಿಸುವುದು, ಹರಿದ ಹಳೇ ಫೋಟೋ ಜೋಡಿಸುವುದು, ಕಣ್ಣು ಮುಚ್ಚಿದವರಿಗೆ ಕಣ್ಣು ತೆರೆಸುವುದು ಅವಳ ಕೆಲಸ. "ನನ್ನ ಕೈಗೆ ಸಿಕ್ಕಿದೋರಿಗೆ ವಯಸ್ಸೇ ಆಗಲ್ಲ, ನನ್ನೊಬ್ಬಳನ್ನ ಬಿಟ್ಟು" ಎಂದು ನಗುತ್ತಿದ್ದಳು.

ಆ ಮಂಗಳವಾರ ಮಧ್ಯಾಹ್ನ ಅವಳ ನಾದಿನಿ ಏದುಸಿರು ಬಿಡುತ್ತ ಬಂದು ಮೊಬೈಲ್ ಮುಂದೆ ಹಿಡಿದಳು. ಅವಳ ಮಗ ಹೋಗುವ ಶಾಲೆಯ ಪೋಷಕರ ಗ್ರೂಪಿಗೆ ಬೆಳಗ್ಗೆ ಬಂದ ಫೋಟೋ. ವ್ಯಾನಿನ ಡ್ರೈವರ್ ಸ್ಟೀರಿಂಗಿಗೆ ತಲೆಯಾನಿಸಿ ಮಲಗಿದ್ದಾನೆ, ಪಕ್ಕದ ಸೀಟಿನಲ್ಲಿ ಬಾಟಲಿ, ಹಿಂದೆ ಮಕ್ಕಳು.

"ನೋಡಿ ಅತ್ತಿಗೆ, ಇಂಥವನ ಕೈಗೆ ಮಗೂನ ಕೊಟ್ಟಿದ್ವಿ. ಈಗ ಅವನ್ನ ಹೆಡ್‌ಮಿಸ್ ರೂಮಲ್ಲಿ ಕೂರ್ಸಿದಾರೆ. ಗೇಟ್ ಹತ್ರ ಗಂಡಸರೆಲ್ಲ ಕಾಯ್ತಿದಾರೆ. ಒಬ್ರು ಆಗ್ಲೇ ಕೆನ್ನೆಗೆ ಬಾರಿಸಿದ್ರು."

ಅಕ್ಕನ ಬೆರಳು ರೂಢಿಯಂತೆ ಫೋಟೋದ ಮೂಲೆಗಳನ್ನು ಹಿಗ್ಗಿಸುತ್ತ ಹೋಗಿ ಕೆಳಗಿನ ಬಲಮೂಲೆಯಲ್ಲಿ ನಿಂತಿತು. ಸೀಟಿನ ಕವರಿನ ಮೇಲೆ ಕೊಕ್ಕೆಯಂಥ ಒಂದು ಬಿರುಕು. ಅದರ ಪಕ್ಕದಲ್ಲೇ ಅಷ್ಟೇ ಉದ್ದದ, ಅದೇ ತಿರುವಿನ ಇನ್ನೊಂದು. ಅಲ್ಲಿ ಕವರಿನ ಚೌಕಳಿ ಗೆರೆ ಕೂದಲೆಳೆಯಷ್ಟು ಜರುಗಿತ್ತು. ಆ ತೇಪೆ ಹಾಕಿದವಳು ಅವಳೇ.

ಶನಿವಾರ ಜನಜಂಗುಳಿಯ ನಡುವೆ ಒಬ್ಬ ಗಿರಾಕಿ ಬಂದಿದ್ದ. ನೀಲಿ ಅಂಗಿ, ಮೆತ್ತನೆ ಮಾತು. ಇಮೇಲಿನಲ್ಲಿ ಫೋಟೋ ಕಳಿಸಿ, "ಮೂಲೇಲಿ ಆ್ಯಪಿಂದು ಒಂದು ಗುರುತಿದೆ ಅಕ್ಕ. ನಾನೇ ಕತ್ತರಿಸಿ ನೋಡ್ದೆ, ಬಾಟ್ಲೂ ಅರ್ಧ ಹೋಯ್ತು. ಗುರುತು ಮಾತ್ರ ತೆಗೆದುಕೊಡಿ" ಎಂದಿದ್ದ. ಅರೆಪಾರದರ್ಶಕ ಉಂಗುರ, ಅದರ ಕೆಳಗೆ ಇದು ಎಐ ಯಂತ್ರ ಬರೆದ ಚಿತ್ರವೆಂದು ಹೇಳುವ ಸಣ್ಣಕ್ಷರ. ಅವಳು ಮೂಲೆಯನ್ನಷ್ಟೇ ಪರದೆ ತುಂಬ ಹಿಗ್ಗಿಸಿಕೊಂಡು, ಪಕ್ಕದ ಬಟ್ಟೆಯನ್ನೇ ಎತ್ತಿ ಗುರುತಿನ ಮೇಲೆ ಹಚ್ಚಿದ್ದಳು. ಎರಡು ನಿಮಿಷದ ಕೆಲಸ. ಚಿತ್ರದಲ್ಲಿದ್ದವನು ಯಾರೆಂದು ಯೋಚಿಸಿರಲಿಲ್ಲ.

ಮಾಲೀಕರಿಗೆ ಹೇಳಿದಾಗ ಅವರ ಮುಖ ಬಿಳಿಚಿಕೊಂಡಿತು. "ಫೈಲ್ ಡಿಲೀಟ್ ಮಾಡಮ್ಮ. ಇಲ್ದಿದ್ರೆ ಸ್ಟುಡಿಯೋಗೇ ಕಲ್ಲು ಬೀಳತ್ತೆ. ನಮಗ್ಯಾಕೆ ಊರ ಉಸಾಬರಿ."

"ಉಸಾಬರಿ ಶುರು ಮಾಡಿದ್ದೇ ನಾವಲ್ವಾ ಸರ್" ಎಂದಳು. ಗಿರಾಕಿಯ ಇಮೇಲನ್ನು ಮುದ್ರಿಸಿ, ಮೂಲ ಚಿತ್ರವನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಹೊರಟಳು.

ಗೇಟಿನ ಬಳಿ ನಲವತ್ತು ಐವತ್ತು ಜನ. ಅವರ ನಡುವೆ ಅದೇ ನೀಲಿ ಅಂಗಿ. ಅವನು ಅವಳನ್ನು ನೋಡಿದ, ನಿಧಾನವಾಗಿ ಹತ್ತಿರ ಬಂದ.

"ಏನಕ್ಕಾ, ಈ ಕಡೆ?"

"ನಾದಿನಿ ಮಗನ್ನ ಕರ್ಕೊಂಡು ಹೋಗೋಕೆ."

"ಒಳ್ಳೇದು. ಬೇರೇದಕ್ಕೆಲ್ಲ ತಲೆ ಹಾಕ್ಬೇಡಿ. ಸ್ಟುಡಿಯೋ ಎಷ್ಟೊತ್ತಿಗೆ ಮುಚ್ಚತ್ತೆ ಅಂತ ನಂಗೆ ಗೊತ್ತು." ಅವನು ನಗುತ್ತಲೇ ದಾರಿ ಬಿಟ್ಟ. ಅವಳು ತಿರುಗಿ ನೋಡದೆ ಅಂಗಳ ದಾಟಿದಳು.

ಒಳಗೆ ಹೆಡ್‌ಮಿಸ್, ಒಬ್ಬ ಪೊಲೀಸಮ್ಮ, ಮೂಲೆಯ ಕುರ್ಚಿಯಲ್ಲಿ ಡ್ರೈವರ್. ಅವನ ಕೆನ್ನೆ ಊದಿತ್ತು. ಅಕ್ಕ ಎರಡು ಬಿರುಕುಗಳನ್ನು ತೋರಿಸಿದಳು. ಪೊಲೀಸಮ್ಮ ಒಪ್ಪಲಿಲ್ಲ.

"ತಾರೀಕು ಅಳಿಸಿದ್ರೂ ಹಿಂಗೇ ಕಾಣಲ್ವಾ? ತೇಪೆ ಇದ್ದ ಮಾತ್ರಕ್ಕೆ ಫೋಟೋ ಸುಳ್ಳಾಗತ್ತಾ?"

"ಇಲ್ಲ ಮೇಡಂ. ತೇಪೆ ಇದೆ ಅಂದ್ರೆ ಅಲ್ಲಿ ಏನೋ ಇತ್ತು ಅಂತ ಅಷ್ಟೇ. ಏನಿತ್ತು ಅನ್ನೋದು ಇದ್ರಲ್ಲಿದೆ."

ಕಂಪ್ಯೂಟರಿನಲ್ಲಿ ಮೂಲ ಚಿತ್ರ ತೆರೆದುಕೊಂಡಿತು. ಅದೇ ಡ್ರೈವರ್, ಅದೇ ಬಾಟಲಿ, ಒಂದೇ ಬಿರುಕು, ಅದರ ಪಕ್ಕದಲ್ಲಿ ಉಂಗುರ ಮತ್ತು ಸಣ್ಣಕ್ಷರ. ಪೊಲೀಸಮ್ಮ ಇಮೇಲಿನ ಹಾಳೆ ತೆಗೆದುಕೊಂಡು ಕಳಿಸಿದವನ ಹೆಸರು ಓದಿದರು, ಎದ್ದು ಕಿಟಕಿಯಿಂದ ಗೇಟಿನತ್ತ ನೋಡಿದರು. ನೀಲಿ ಅಂಗಿ ಆಗಲೇ ಅಲ್ಲಿರಲಿಲ್ಲ.

ಆಮೇಲೆ ಹೆಡ್‌ಮಿಸ್ ಹೊರಗೆ ಹೋಗಿ ಮೂಲ ಚಿತ್ರವನ್ನು ಮೊಬೈಲಿನಲ್ಲಿ ಎಲ್ಲರಿಗೂ ತೋರಿಸಿದರು. ಜನ ಒಬ್ಬೊಬ್ಬರಾಗಿ ಚದುರಿದರು. ಕೆನ್ನೆಗೆ ಹೊಡೆದವನು ಮೊದಲು ಹೋದ.

ಡ್ರೈವರ್ ಆಗ ಮೊದಲ ಸಲ ಬಾಯಿ ಬಿಟ್ಟ. "ಅಳಿಸಿದ್ದು ನೀವೇನಾ ಅಕ್ಕಾ?"

"ಹೂಂ. ನೋಡದೆ ಅಳಿಸ್ದೆ."

ಅವನು ಕರವಸ್ತ್ರ ಕೆನ್ನೆಗೆ ಒತ್ತಿಕೊಂಡು ಕಿಟಕಿಯತ್ತ ಮುಖ ತಿರುಗಿಸಿದ.

ನೀಲಿ ಅಂಗಿಯವನು ಮೂರನೇ ದಿನ ಪೊಲೀಸರಿಗೆ ಸಿಕ್ಕ. ಆ ಶಾಲೆಯ ಗುತ್ತಿಗೆ ತನ್ನ ಭಾವಮೈದುನನ ವ್ಯಾನಿಗೆ ಸಿಗಲೆಂದು ಹೀಗೆ ಮಾಡಿದ್ದಂತೆ. ಜಾಮೀನಿನ ಮೇಲೆ ಬೇಗನೇ ಹೊರಗೆ ಬಂದ. ಶಾಲೆಯವರು ಡ್ರೈವರ್‌ನನ್ನು ವಾಪಸು ಕರೆದರು. "ಮಕ್ಕಳು ಕೂರೋ ಗಾಡಿ ಇನ್ನು ಬೇಡ ಮೇಡಂ" ಎಂದು ಅವನು ಸಾಮಾನು ಸಾಗಿಸುವ ಲಾರಿಗೆ ಸೇರಿಕೊಂಡ. ಟಚಪ್ ಅಕ್ಕ ಈಗಲೂ ಅದೇ ಕುರ್ಚಿಯಲ್ಲಿದ್ದಾಳೆ, ಆದರೆ ಅದನ್ನು ಬಾಗಿಲ ಕಡೆ ತಿರುಗಿಸಿಕೊಂಡಿದ್ದಾಳೆ. ಸಂಜೆ ಒಬ್ಬಳೇ ಮನೆಗೆ ಹೊರಡುವುದಿಲ್ಲ, ಗಂಡ ಬರುವ ತನಕ ಕಾಯುತ್ತಾಳೆ.